15,000 ರೂಪಾಯಿಗೆ ಸ್ಟೀರಿಂಗ್: 270 ಡಿಗ್ರಿಯ ಹೊಸದೋ, 900 ಡಿಗ್ರಿಯ ಹಳೆಯದೋ?

ಪ್ರಶ್ನೆ: ಸರ್, ಲ್ಯಾಪ್‌ಟಾಪ್‌ನಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿನ ಮಾಡ್ ಹಾಕಿಕೊಂಡು ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡ್ತೀನಿ. ಕೀಬೋರ್ಡಲ್ಲಿ ಗಾಡಿ ಹಾವಿನ ಥರ ಹೋಗುತ್ತೆ. ಕೈಯಲ್ಲಿ 15,000 ಇದೆ. 270 ಡಿಗ್ರಿಯ ಹೊಸ ಸ್ಟೀರಿಂಗ್ 7,500ಕ್ಕೆ ಸಿಗ್ತಿದೆ. ಒಬ್ಬರು ಹಳೇ ಲಾಜಿಟೆಕ್ ಜಿ29 ಸೆಟ್ಟನ್ನ 14,000ಕ್ಕೆ ಕೊಡ್ತೀನಿ ಅಂತಿದಾರೆ. ಇಲ್ಲಾ 5,000ದ ಕಂಟ್ರೋಲರೇ ಸಾಕಾ? ಮುಂದೆ ವಿಮಾನದ ಸಿಮ್ಯುಲೇಟರ್ ಕೂಡ ಆಡೋ ಆಸೆ ಇದೆ, ಅದಕ್ಕೂ ಇದೇ ಆಗುತ್ತಾ?

ಉತ್ತರ: ಜಿ29 ಕೆಳಗೆ ಹೇಳಿರುವ ಪರೀಕ್ಷೆಯಲ್ಲಿ ಪಾಸಾದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ. ಪಾಸಾಗದಿದ್ದರೆ ಕಂಟ್ರೋಲರ್ ತಂದು ಆಡುತ್ತಾ, ಉಳಿದ ಹಣ ಎತ್ತಿಟ್ಟು, ಇನ್ನೊಂದು ಒಳ್ಳೆಯ ಹಳೇ ಸೆಟ್ಟಿಗಾಗಿ ಕಾಯಿರಿ. ಮೂರರಲ್ಲಿ ಬಿಟ್ಟುಬಿಡಬೇಕಾದದ್ದು 7,500ದ ಹೊಸ ಸ್ಟೀರಿಂಗ್. ನೋಡಲು ಅದೇ ಸ್ಟೀರಿಂಗಿನ ಹಾಗಿದ್ದರೂ ನಿಮ್ಮ ತೊಂದರೆಯನ್ನು, ಅಂದರೆ ಗಾಡಿ ಹಾವಿನಂತೆ ಹೊರಳುವುದನ್ನು, ಅದು ನಿಲ್ಲಿಸುವುದಿಲ್ಲ. ಕಾರಣ ಲೆಕ್ಕದಲ್ಲೇ ಇದೆ.

270 ಡಿಗ್ರಿ ಎಂದರೆ ಎಡದ ಕೊನೆಯಿಂದ ಬಲದ ಕೊನೆಯವರೆಗಿನ ಒಟ್ಟು ತಿರುವು. ನಡುವಿನಿಂದ ಒಂದು ಬದಿಗೆ ಸಿಗುವುದು 135 ಡಿಗ್ರಿ ಮಾತ್ರ. ಜಿ29 ತಿರುಗುವುದು 900 ಡಿಗ್ರಿ, ಅಂದರೆ ಪೂರ್ತಿ ಎರಡೂವರೆ ಸುತ್ತು. ನಡುವಿನಿಂದ ಒಂದು ಬದಿಗೆ 450 ಡಿಗ್ರಿ. ನಿಜವಾದ ಬಸ್ಸು ಲಾರಿಗಳಲ್ಲಿ ಈ ಕೊನೆಯಿಂದ ಆ ಕೊನೆಗೆ ನಾಲ್ಕೈದು ಸುತ್ತು ಇರುತ್ತದೆ. ಹಾಗಾಗಿ 900 ಡಿಗ್ರಿಯೂ ನಿಜಕ್ಕಿಂತ ಕಡಿಮೆಯೇ, ಆದರೆ ಆಡಲು ಸಾಕು.

ಈಗ ಒಂದು ಲಾರಿಯನ್ನು ತೆಗೆದುಕೊಳ್ಳಿ. ಅದರ ಮುಂದಿನ ಗಾಲಿಗಳು ಹೆಚ್ಚೆಂದರೆ 50 ಡಿಗ್ರಿ ತಿರುಗುತ್ತವೆ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 3.8 ಮೀಟರ್ ಇದೆ, ವೇಗ ಗಂಟೆಗೆ 80 ಕಿಲೋಮೀಟರ್ ಎಂದಿಟ್ಟುಕೊಳ್ಳಿ. 270 ಡಿಗ್ರಿಯ ಸ್ಟೀರಿಂಗಿನಲ್ಲಿ ಕೈ ಒಂದು ಡಿಗ್ರಿ ಅಲುಗಿದರೆ ಗಾಲಿ 0.37 ಡಿಗ್ರಿ ತಿರುಗುತ್ತದೆ. ಜಿ29ರಲ್ಲಿ ಅದೇ ಒಂದು ಡಿಗ್ರಿಗೆ 0.11 ಡಿಗ್ರಿ. ಕೈಯನ್ನು ಅಲ್ಲೇ ಒಂದು ಸೆಕೆಂಡ್ ಹಿಡಿದರೆ ಮೊದಲನೆಯದರಲ್ಲಿ ಲಾರಿ ಸುಮಾರು 42 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ, ಎರಡನೆಯದರಲ್ಲಿ ಸುಮಾರು 13 ಸೆಂಟಿಮೀಟರ್. ಯುರೋಪಿನ ಲಾರಿಯ ಅಗಲ 2.55 ಮೀಟರ್. ಲೇನ್ 3.5 ಮೀಟರ್ ಅಗಲವಿದ್ದರೆ ಎರಡೂ ಬದಿಗೆ ಉಳಿಯುವ ಜಾಗ ಸುಮಾರು 47 ಸೆಂಟಿಮೀಟರ್. ಅಂದರೆ 270 ಡಿಗ್ರಿಯದರಲ್ಲಿ ಒಂದೇ ಡಿಗ್ರಿಯ ತಪ್ಪಿಗೆ, ಒಂದೇ ಸೆಕೆಂಡಿನಲ್ಲಿ, ನೀವು ಗೆರೆಯ ಅಂಚಿಗೆ ಬಂದಿರುತ್ತೀರಿ. ಗಾಬರಿಯಲ್ಲಿ ಆ ಕಡೆ ತಿರುಗಿಸುತ್ತೀರಿ, ಅದು ಅತಿಯಾಗುತ್ತದೆ, ಮತ್ತೆ ಈ ಕಡೆ. ಹಾವಿನ ನಡಿಗೆ ಹುಟ್ಟುವುದೇ ಹೀಗೆ. ಬಸ್ಸಿನ ಅಚ್ಚುಗಳ ಅಂತರ ಹೆಚ್ಚಿರುವುದರಿಂದ ಸರಿಯುವ ದೂರ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಎರಡು ಸ್ಟೀರಿಂಗ್‌ಗಳ ನಡುವಿನ ಮೂರು ಪಟ್ಟಿಗೂ ಮೀರಿದ ವ್ಯತ್ಯಾಸ ಹಾಗೇ ಉಳಿಯುತ್ತದೆ.

ಇದಕ್ಕೆ ಆಟದಲ್ಲೇ ಒಂದು ಮದ್ದು ಇದೆಯಲ್ಲ ಎಂದು ಅಂಗಡಿಯವರು ಹೇಳಬಹುದು. ಇದೆ. ಸ್ಟೀರಿಂಗ್ ನಾನ್‌ಲೀನಿಯಾರಿಟಿ ಎಂಬ ಸ್ಲೈಡರನ್ನು ಏರಿಸಿದರೆ ನಡುವಿನ ಭಾಗ ಮೆತ್ತಗಾಗುತ್ತದೆ. ಆದರೆ ಅದು ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ವಸೂಲಿ ಮಾಡುತ್ತದೆ. ಮೊದಲ 45 ಡಿಗ್ರಿಯವರೆಗೆ ಜಿ29ರಷ್ಟೇ ಮೃದುವಾಗಿರಲಿ ಎಂದು ಹೊಂದಿಸಿದಿರಿ ಎನ್ನೋಣ. ಅಷ್ಟರಲ್ಲಿ ಗಾಲಿ ತಿರುಗಿರುವುದು 5 ಡಿಗ್ರಿ ಮಾತ್ರ. ಉಳಿದ 45 ಡಿಗ್ರಿಯನ್ನೂ ಕೈಯ ಮಿಕ್ಕ 90 ಡಿಗ್ರಿಯೊಳಗೇ ತುರುಕಬೇಕು. ಅಲ್ಲಿ ಕೈಯ ಪ್ರತಿ ಡಿಗ್ರಿಗೂ ಗಾಲಿ ಅರ್ಧ ಡಿಗ್ರಿ ಹೊರಳುತ್ತದೆ. ಹೆದ್ದಾರಿಯಲ್ಲಿ ಗಾಡಿ ನೆಟ್ಟಗೆ ಹೋಗುತ್ತದೆ, ಆದರೆ ಊರೊಳಗಿನ ತಿರುವಿನಲ್ಲಿ ಏನೂ ಆಗುತ್ತಿಲ್ಲವೆಂದು ತಿರುಗಿಸುತ್ತಾ ಹೋದಾಗ ಮೂತಿ ಇದ್ದಕ್ಕಿದ್ದಂತೆ ಒಳಗೆ ನುಗ್ಗುತ್ತದೆ. ಹಿಂದಿನ ಗಾಲಿ ಫುಟ್‌ಪಾತ್ ಹತ್ತುತ್ತದೆ. ಬಸ್ ನಿಲ್ದಾಣದ ಒಳಗೆ ಹಿಂದಕ್ಕೆ ತೆಗೆಯುವುದಂತೂ ಕಷ್ಟವೇ.

270 ಮತ್ತು 900 ಎರಡಕ್ಕೂ ಬದಲಾಯಿಸಬಹುದಾದ ಅಗ್ಗದ ಸ್ಟೀರಿಂಗ್‌ಗಳೂ ಸಿಗುತ್ತವೆ. ಡಿಗ್ರಿಯ ಲೆಕ್ಕದಲ್ಲಿ ಅವು ವಾಸಿ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಎರಡನೆಯ ಕೊರತೆ ಇರುತ್ತದೆ. ಒಳಗೆ ಮೋಟಾರು ಇರುವುದಿಲ್ಲ. ರಬ್ಬರ್ ಪಟ್ಟಿಯೋ ಸ್ಪ್ರಿಂಗೋ ಸ್ಟೀರಿಂಗನ್ನು ನಡುವಿಗೆ ಎಳೆಯುತ್ತದೆ. ನಿಜವಾದ ಗಾಡಿಯಲ್ಲಿ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದು ಗಾಡಿ ಓಡುತ್ತಿರುವಾಗ, ರಸ್ತೆ ಟೈರನ್ನು ಹಿಂದಕ್ಕೆ ತಳ್ಳುವುದರಿಂದ. ವೇಗ ಹೆಚ್ಚಿದಂತೆ ಆ ಎಳೆತ ಗಟ್ಟಿಯಾಗುತ್ತದೆ, ಮುಂದಿನ ಟೈರು ಹಿಡಿತ ತಪ್ಪಿ ಜಾರತೊಡಗಿದರೆ ಕೈಗೆ ಹಗುರವಾಗುತ್ತದೆ. ಫೋರ್ಸ್ ಫೀಡ್‌ಬ್ಯಾಕ್ ಇರುವ ಸ್ಟೀರಿಂಗಿನಲ್ಲಿ ಆಟವು ಈ ಬಲವನ್ನು ಲೆಕ್ಕಹಾಕಿ ಮೋಟಾರಿಗೆ ಕಳಿಸುತ್ತದೆ. ಸ್ಪ್ರಿಂಗಿಗೆ ಇದ್ಯಾವುದೂ ಗೊತ್ತಿಲ್ಲ. ನಿಂತಾಗಲೂ, ಓಡುವಾಗಲೂ, ಜಾರುವಾಗಲೂ ಒಂದೇ ಎಳೆತ. ಅದರಲ್ಲೂ ನಟ್ಟನಡುವೆ ಸ್ಪ್ರಿಂಗಿನ ಬಲ ತೀರಾ ಕಡಿಮೆ. ನೆಟ್ಟನೆಯ ರಸ್ತೆಯಲ್ಲಿ ನಿಮಗೆ ಆಧಾರ ಬೇಕಾದದ್ದು ಅಲ್ಲೇ.

ಪೆಟ್ಟಿಗೆಯ ಮೇಲೆ ಬರೆದಿರುವ ‘ವೈಬ್ರೇಶನ್’ ಎಂಬ ಮಾತು ಫೋರ್ಸ್ ಫೀಡ್‌ಬ್ಯಾಕ್ ಅಲ್ಲ. ಅದು ಮೊಬೈಲಿನಲ್ಲಿರುವಂಥ ನಡುಕ ಅಷ್ಟೇ, ಸ್ಟೀರಿಂಗನ್ನು ತಿರುಗಿಸಲು ಅದಕ್ಕೆ ಆಗದು. ಗುರುತಿಸುವ ಸುಲಭದ ದಾರಿ ಏನೆಂದರೆ ಕರೆಂಟಿಗೆ ಸಿಕ್ಕಿಸುವ ಪ್ರತ್ಯೇಕ ಅಡಾಪ್ಟರ್ ಇದೆಯೇ ಎಂದು ನೋಡುವುದು. ನಿಮ್ಮ ಕೈಗೆ ಎದುರು ನಿಲ್ಲುವಷ್ಟು ಬಲದ ಮೋಟಾರಿಗೆ ಮಾಮೂಲಿ ಯುಎಸ್‌ಬಿ ಕೊಂಡಿಯ ಕರೆಂಟು ಸಾಲುವುದಿಲ್ಲ.

ಇಷ್ಟಾದ ಮೇಲೂ ಕಂಟ್ರೋಲರನ್ನು 270 ಡಿಗ್ರಿಯ ಸ್ಟೀರಿಂಗಿಗಿಂತ ಮೇಲಿಟ್ಟದ್ದು ಏಕೆ ಎಂದು ಅನ್ನಿಸಬಹುದು. ಹೆಬ್ಬೆರಳಿನ ಕಡ್ಡಿ ಸರಿಯುವ ಕೋನ ಬಹಳ ಚಿಕ್ಕದು, ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಕೆಟ್ಟದಾಗಬೇಕು. ಆದರೆ ಆಟ ತಯಾರಿಸಿದವರಿಗೆ ಅದು ಗೊತ್ತಿದೆ. ಕಡ್ಡಿಯನ್ನು ಪೂರ್ತಿ ಒತ್ತಿದರೂ ವೇಗ ನೋಡಿಕೊಂಡು ಗಾಲಿಯನ್ನು ನಿಧಾನವಾಗಿ, ಕಡಿಮೆ ಕೋನಕ್ಕೆ ತಿರುಗಿಸುವಂತೆ ಆಟಗಳೇ ಸಂಭಾಳಿಸುತ್ತವೆ. ಇನ್ನೂ ಮುಖ್ಯವಾದದ್ದು ತೋರುಬೆರಳಿನ ಕೆಳಗಿರುವ ಟ್ರಿಗರ್. ಕೀಬೋರ್ಡಿನಲ್ಲಿ ಬ್ರೇಕ್ ಎಂದರೆ ಇದೆ ಅಥವಾ ಇಲ್ಲ. ಟ್ರಿಗರಿನಲ್ಲಿ ಕಾಲು ಭಾಗ, ಅರ್ಧ, ಮುಕ್ಕಾಲು ಎಂದು ಒತ್ತಬಹುದು. ಪ್ರಯಾಣಿಕರು ಮುಗ್ಗರಿಸದಂತೆ ಬಸ್ಸು ನಿಲ್ಲಿಸಲು ಬೇಕಿರುವುದು ಅದೇ. ಅಗ್ಗದ ಕೆಲವು ಕಂಟ್ರೋಲರ್‌ಗಳಲ್ಲಿ ಟ್ರಿಗರ್ ನೋಡಲು ಹಾಗಿದ್ದರೂ ಒಳಗೆ ಬರೀ ಸ್ವಿಚ್ ಇರುತ್ತದೆ, ಅದನ್ನು ತರಬೇಡಿ. ಕಡ್ಡಿಯ ಒಳಗೆ ಹಾಲ್ ಸೆನ್ಸರ್ ಇರುವುದು ಸಿಕ್ಕರೆ ಒಳ್ಳೆಯದು. ಅದು ಅಯಸ್ಕಾಂತದ ಸ್ಥಾನವನ್ನು ಮುಟ್ಟದೆ ಅಳೆಯುತ್ತದೆ. ಮಾಮೂಲಿ ಕಡ್ಡಿಯಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತಾ ಸವೆಯುತ್ತದೆ, ಆಮೇಲೆ ಕೈಬಿಟ್ಟರೂ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಹಳೇ ಜಿ29 ನೋಡಲು ಹೋದಾಗ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಲಾಜಿಟೆಕ್‌ನವರ G HUB ತಂತ್ರಾಂಶವನ್ನು ಮೊದಲೇ ಹಾಕಿಕೊಂಡು ಹೋಗಿ. ಮಾರುವವರ ಮನೆಯಲ್ಲಿ ಡೌನ್‌ಲೋಡ್ ಮಾಡುತ್ತಾ ಕೂರುವುದು ಬೇಡ. ಯೂರೋ ಟ್ರಕ್ ಕೂಡ ಅದರಲ್ಲೇ ಇರುವುದರಿಂದ ಪರೀಕ್ಷೆ ಪೂರ್ತಿಯಾಗುತ್ತದೆ. ಸ್ಟೀರಿಂಗಿನ ಮೇಲೆ ಪಿಎಸ್3, ಪಿಎಸ್4 ಎಂದು ಬದಲಾಯಿಸುವ ಒಂದು ಸ್ವಿಚ್ ಇದೆ. ಕಂಪ್ಯೂಟರಿಗೆ ಅದನ್ನು ಪಿಎಸ್3 ಕಡೆಗೆ ಇಡಬೇಕು. ಸ್ಟೀರಿಂಗನ್ನು ಮೇಜಿಗೆ ಬಿಗಿಸಿದ ಮೇಲಷ್ಟೇ ಕರೆಂಟು ಕೊಡಿ, ಏಕೆಂದರೆ ಕರೆಂಟು ಮತ್ತು ಯುಎಸ್‌ಬಿ ಎರಡೂ ಸಿಕ್ಕಿದ ಕೂಡಲೇ ಅದು ತಾನಾಗಿ ಎಡದ ಕೊನೆಗೂ ಬಲದ ಕೊನೆಗೂ ತಿರುಗಿ ನಡುವಿಗೆ ಬಂದು ನಿಲ್ಲುತ್ತದೆ. ಇದೇ ಮೊದಲ ಪರೀಕ್ಷೆ. ತಿರುಗದಿದ್ದರೆ ಅಡಾಪ್ಟರ್ ಸತ್ತಿರಬಹುದು ಅಥವಾ ಮೋಟಾರಿನ ಕಡೆ ದೋಷವಿರಬಹುದು. ‘ಅಡಾಪ್ಟರ್ ಒಂದು ತಂದುಕೊಂಡರೆ ಆಯ್ತು’ ಎಂಬ ಮಾತಿಗೆ ಹಣ ಕೊಡಬೇಡಿ. ಅದಕ್ಕೆ ಬೇಕಾದದ್ದು 24 ವೋಲ್ಟಿನದು, ಮತ್ತು ಕೆಲಸ ಮಾಡುವ ಅಡಾಪ್ಟರಿನಿಂದ ಸ್ಟೀರಿಂಗ್ ತಿರುಗುವುದನ್ನು ಕಣ್ಣಾರೆ ನೋಡುವವರೆಗೆ ಮೋಟಾರು ಸರಿಯಿದೆ ಎನ್ನಲು ಯಾವ ಆಧಾರವೂ ಇಲ್ಲ.

ತಿರುಗುವಾಗ ಗೇರುಗಳ ಸಣ್ಣ ಗರಗರ ಸದ್ದು ಬರುತ್ತದೆ. ಅದು ಜಿ29ರ ಹುಟ್ಟುಗುಣ, ಒಳಗೆ ಎರಡು ಮೋಟಾರುಗಳು ಓರೆ ಹಲ್ಲಿನ ಗೇರುಗಳ ಮೂಲಕ ಸ್ಟೀರಿಂಗನ್ನು ತಿರುಗಿಸುತ್ತವೆ. ಒಂದೇ ಜಾಗಕ್ಕೆ ಬಂದಾಗಲೆಲ್ಲ ಟಕ್ ಎಂದು ಎಗರಿದರೆ ಮಾತ್ರ ಹಲ್ಲು ಮುರಿದಿರಬಹುದು, ಅಂಥದ್ದು ಬೇಡ.

ಆಮೇಲೆ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ:

```
joy.cpl
```

ಪಟ್ಟಿಯಲ್ಲಿ ಜಿ29 ಆರಿಸಿ Properties ಒತ್ತಿದರೆ ಸ್ಟೀರಿಂಗ್ ಮತ್ತು ಪೆಡಲ್‌ಗಳ ಚಲನೆ ಪರದೆಯ ಮೇಲೆ ಕಾಣುತ್ತದೆ. ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ತುಂಬಾ ನಿಧಾನವಾಗಿ ತಿರುಗಿಸಿ. ಗುರುತು ಎಲ್ಲೂ ಎಗರದೆ ಜಾರಬೇಕು. ಬಳಿಕ ಹತ್ತು ಸಲ ಬಿರುಸಾಗಿ ಆ ಕಡೆ ಈ ಕಡೆ ತಿರುಗಿಸಿ, ಸ್ಟೀರಿಂಗಿನ ಮೇಲ್ಭಾಗವನ್ನು ಸರಿಯಾಗಿ ನಡುವಿಗೆ ತನ್ನಿ. ಪರದೆಯ ಗುರುತೂ ನಡುವೆಯೇ ಇರಬೇಕು. ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿದಿದ್ದರೆ ತಿರುವನ್ನು ಎಣಿಸುವ ಭಾಗ ಕೆಟ್ಟಿದೆ. ಇದೇ ದುಡ್ಡಿಗೆ ಇನ್ನೂ ಹಳೆಯ ಜಿ27 ಕಣ್ಣಿಗೆ ಬಿದ್ದರೆ ಈ ಪರೀಕ್ಷೆಯನ್ನು ಎರಡು ಸಲ ಮಾಡಿ, ಏಕೆಂದರೆ ಅದರಲ್ಲಿ ಮೋಟಾರಿನ ತುದಿಯಲ್ಲಿರುವ ಪ್ಲಾಸ್ಟಿಕ್ ಎನ್‌ಕೋಡರ್ ಚಕ್ರ ಸೀಳಿ ನಡುಬಿಂದು ತಪ್ಪುವುದು ಎಲ್ಲರೂ ಬಲ್ಲ ಕಾಯಿಲೆ.

ಮೂರನೆಯದು ಪೆಡಲ್. ಒಂದೊಂದನ್ನೂ ಐದು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಒತ್ತಿ, ಅಷ್ಟೇ ನಿಧಾನವಾಗಿ ಬಿಡಿ. ಪರದೆಯ ಪಟ್ಟಿ ನಡುಗಿದರೆ, ಮಧ್ಯೆ ಎಗರಿದರೆ ಅಥವಾ ಕಾಲು ತೆಗೆದ ಮೇಲೂ ಪೂರ್ತಿ ಕೆಳಗಿಳಿಯದಿದ್ದರೆ ಪೆಡಲ್ ಎಷ್ಟು ಸರಿಯಿತೆಂದು ಅಳೆಯುವ ಒಳಗಿನ ಪೊಟೆನ್ಶಿಯೋಮೀಟರಿಗೆ ಧೂಳು ಹೊಕ್ಕಿದೆ. ಹಳೇ ಸೆಟ್‌ಗಳಲ್ಲಿ ಇದು ಸಾಮಾನ್ಯ, ಮತ್ತು ಹೆಚ್ಚಿನ ಸಲ ಮನೆಯಲ್ಲೇ ಸರಿಹೋಗುವ ದೋಷ. ಹೀಗಾಗಿ ಬೆಲೆ ಇಳಿಸಲು ಇದು ನ್ಯಾಯವಾದ ಕಾರಣ, ಬಿಟ್ಟುಬರಲು ಕಾರಣವಲ್ಲ. ಸರಿಮಾಡಲು ಕರೆಂಟು ಮತ್ತು ಕೇಬಲ್ ತೆಗೆದು, ಪೆಡಲ್ ಪೆಟ್ಟಿಗೆಯ ತಳದ ಸ್ಕ್ರೂ ಬಿಚ್ಚಿ, ಪೊಟೆನ್ಶಿಯೋಮೀಟರಿನ ಸಂದಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಸ್ವಲ್ಪವೇ ಸಿಂಪಡಿಸಿ ಪೆಡಲನ್ನು ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ. ಪೂರ್ತಿ ಒಣಗಿದ ಮೇಲೆ ಮುಚ್ಚಿ. ತುಕ್ಕು ಬಿಡಿಸುವ ಎಣ್ಣೆಯಂಥ ಸ್ಪ್ರೇ ಬೇಡ, ಅದು ಉಳಿಸುವ ಜಿಡ್ಡಿಗೆ ಇನ್ನಷ್ಟು ಧೂಳು ಅಂಟಿಕೊಳ್ಳುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಈ ಕ್ಲೀನರೂ ಸಿಗುತ್ತದೆ, ಒಳಗಿನ ಉಜ್ಜುವ ಪಟ್ಟಿ ಪೂರ್ತಿ ಸವೆದಿದ್ದರೆ ಬದಲಿಸಲು ಪೊಟೆನ್ಶಿಯೋಮೀಟರೂ ಹುಡುಕಬಹುದು.

ಬ್ರೇಕ್ ಪೆಡಲ್ ಅರ್ಧ ದಾರಿಯಲ್ಲಿ ಕಲ್ಲಿನಂತೆ ಗಟ್ಟಿಯಾದರೆ ಕೆಟ್ಟಿದೆಯೆಂದು ತಿಳಿಯಬೇಡಿ. ಸ್ಪ್ರಿಂಗಿನೊಳಗೆ ಒಂದು ರಬ್ಬರ್ ತುಂಡನ್ನು ಬೇಕೆಂದೇ ಇಟ್ಟಿದ್ದಾರೆ.

ಕೊನೆಗೆ ಆಟ ತೆರೆದು ಐದು ನಿಮಿಷ ಓಡಿಸಿ. ತಿರುವಿನಲ್ಲಿ ಸ್ಟೀರಿಂಗ್ ಎರಡೂ ಕಡೆಗೆ ಒಂದೇ ಸಮನೆ ಎಳೆಯಬೇಕು. ಒಂದು ಕಡೆಗೆ ಮಾತ್ರ ಬಲ ಬಂದರೆ, ಅಥವಾ ಸ್ವಲ್ಪ ಹೊತ್ತಿನ ಮೇಲೆ ಬಲವೇ ಮಾಯವಾದರೆ, ವಾಪಸ್ ಬನ್ನಿ. ಸ್ಟೀರಿಂಗಿನ ಹಿಂದಿರುವ ಗೇರ್ ಪ್ಯಾಡಲ್‌ಗಳು ಎರಡೂ ಕೆಲಸ ಮಾಡುತ್ತವೆಯೇ ನೋಡಿ. ಗೇರ್ ಕಡ್ಡಿ ಜಿ29ರ ಜೊತೆ ಬರುವುದಿಲ್ಲ, ಅದು ಬೇರೆಯಾಗಿ ಮಾರುವ ವಸ್ತು. ಮೊದಲ ಕೆಲವು ತಿಂಗಳು ಅದು ಬೇಕಾಗುವುದೂ ಇಲ್ಲ.

ಜಿ29 ಸಿಗದಿದ್ದರೆ ಹಳೆಯದರಲ್ಲಿ ಥ್ರಸ್ಟ್‌ಮಾಸ್ಟರ್ ಟಿ150 ನೋಡಬಹುದು. ಅದು 1,080 ಡಿಗ್ರಿ ತಿರುಗುತ್ತದೆ, ಬೆಲ್ಟ್ ಮತ್ತು ಗೇರ್ ಎರಡೂ ಸೇರಿರುವುದರಿಂದ ಸದ್ದು ಕಡಿಮೆ. ಆದರೆ ಜೊತೆಗೆ ಬರುವ ಎರಡು ಪೆಡಲ್‌ಗಳು ಜಿ29ರ ಮೂರು ಪೆಡಲ್‌ಗಳಷ್ಟು ಗಟ್ಟಿಯಲ್ಲ, ಕ್ಲಚ್ಚಂತೂ ಇಲ್ಲ. ಜಿ920 ಹೆಚ್ಚುಕಡಿಮೆ ಜಿ29ರ ತಮ್ಮನೇ. ಅದು ಎಕ್ಸ್‌ಬಾಕ್ಸಿಗೆ, ಇದು ಪ್ಲೇಸ್ಟೇಷನ್ನಿಗೆ, ಕಂಪ್ಯೂಟರಿಗೆ ಎರಡೂ ಆಗುತ್ತವೆ. ಯಾವುದು ಕಡಿಮೆ ಸವೆದಿದೆಯೋ ಅದನ್ನು ತನ್ನಿ.

ಮನೆಗೆ ತಂದ ಮೇಲೆ

ನಮ್ಮ ಮನೆಗಳಲ್ಲಿ ಮೊದಲು ಕಾಡುವುದು ನೆಲ. ಜಿ29ರ ಪೆಡಲ್ ಪೆಟ್ಟಿಗೆಯ ಅಡಿಯಲ್ಲಿ ಹೊರಚಾಚುವ ಹಲ್ಲುಗಳಿವೆ, ಆದರೆ ಅವು ಕಚ್ಚಿಕೊಳ್ಳುವುದು ಕಾರ್ಪೆಟ್ಟನ್ನು. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲದ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ಪೆಟ್ಟಿಗೆಯೇ ಮುಂದಕ್ಕೆ ಓಡುತ್ತದೆ. ಮೇಜನ್ನು ಗೋಡೆಗೆ ಆನಿಸಿ, ಪೆಡಲ್ ಪೆಟ್ಟಿಗೆಗೂ ಗೋಡೆಗೂ ನಡುವೆ ಅಳತೆಗೆ ಕತ್ತರಿಸಿದ ಮರದ ತುಂಡನ್ನು ಕೂಡಿಸುವುದು ಅತಿ ಅಗ್ಗದ ಪರಿಹಾರ. ಅದಾದ ಮೇಲೆ ಹಿಂದಕ್ಕೆ ಓಡುವುದು ನೀವು ಕುಳಿತ ಕುರ್ಚಿ. ಗಾಲಿಯ ಆಫೀಸ್ ಕುರ್ಚಿ ಬಿಟ್ಟು ಊಟದ ಮೇಜಿನ ಕುರ್ಚಿ ಹಾಕಿಕೊಳ್ಳಿ.

ಮೇಜಿನ ಅಂಚಿಗೆ ಸ್ಟೀರಿಂಗ್ ಕಚ್ಚುವ ಎರಡು ಕ್ಲ್ಯಾಂಪ್‌ಗಳನ್ನು ಕೈಯಲ್ಲೇ ಬಿಗಿಸಬೇಕು, ಇಕ್ಕಳ ಹಾಕಿದರೆ ಪ್ಲಾಸ್ಟಿಕ್ ಮುರಿಯುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಮೇಜಾದರೆ ಅಡಿಯಲ್ಲಿ ಒಂದು ತುಂಡು ಪ್ಲೈವುಡ್ ಕೊಡಿ, ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಅಂಚು ಕುಸಿದು ಸ್ಟೀರಿಂಗ್ ಸಡಿಲವಾಗುತ್ತದೆ.

ಹೊಂದಿಸುವಾಗ ಕ್ರಮ ಮುಖ್ಯ. ಮೊದಲು G HUB ತೆರೆದು Operating Range ಅನ್ನು 900ಕ್ಕೆ, Sensitivity ಅನ್ನು 50ಕ್ಕೆ ಇಟ್ಟು, ನಡುವಿಗೆ ಎಳೆಯುವ Centering Spring ಆಯ್ಕೆಯನ್ನು ತೆಗೆದುಹಾಕಿ. ಆ ಕೆಲಸವನ್ನು ಆಟವೇ ಮಾಡುತ್ತದೆ, ಎರಡೂ ಸೇರಿದರೆ ಸ್ಟೀರಿಂಗ್ ಅಂಟಿನಲ್ಲಿ ಅದ್ದಿದಂತಾಗುತ್ತದೆ. Combined Pedals ಎಂಬುದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಆಕ್ಸಿಲರೇಟರೂ ಬ್ರೇಕೂ ಒಂದೇ ಪಟ್ಟಿಯ ಎರಡು ತುದಿಗಳಾಗಿ, ಎರಡನ್ನೂ ಒತ್ತಿದಾಗ ಒಂದನ್ನೊಂದು ಕಳೆದುಬಿಡುತ್ತವೆ. ಆಮೇಲೆ ಆಟದೊಳಗೆ ಸ್ಟೀರಿಂಗಿನ ನಾನ್‌ಲೀನಿಯಾರಿಟಿ ಮತ್ತು ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದೆ ಬಿಡುವ ಡೆಡ್‌ಝೋನ್ ಎರಡನ್ನೂ ಸೊನ್ನೆಗೆ ತನ್ನಿ. ಪರದೆಯಲ್ಲಿ ಕಾಣುವ ಸ್ಟೀರಿಂಗ್ ಎಷ್ಟು ತಿರುಗಬೇಕು ಎಂಬ ಆಯ್ಕೆಯನ್ನು 900 ಡಿಗ್ರಿಗೆ ಇಡಿ.

ಈಗ ಗಾಡಿ ನಿಲ್ಲಿಸಿಕೊಂಡು ಕೈಯಲ್ಲಿರುವುದನ್ನು ಸರಿಯಾಗಿ ಕಾಲು ಸುತ್ತು ತಿರುಗಿಸಿ. ಪರದೆಯಲ್ಲಿರುವುದೂ ಕಾಲು ಸುತ್ತೇ ತಿರುಗಬೇಕು. ಮೊದಲು ಹೊಂದಿ ಆಟ ಶುರುವಾದ ಮೇಲೆ ಹೆಚ್ಚು ತಿರುಗಿದರೆ, G HUB ಆಟವನ್ನು ಗುರುತಿಸಿ ಬೇರೊಂದು ಪ್ರೊಫೈಲಿಗೆ ಹಾರಿರುತ್ತದೆ. ನೀವು 900 ಇಟ್ಟದ್ದು ಡೆಸ್ಕ್‌ಟಾಪಿನ ಪ್ರೊಫೈಲಿನಲ್ಲಿ, ಆಟದ್ದರಲ್ಲಿ ಹಳೆಯ ಅಂಕಿಯೇ ಉಳಿದಿರುತ್ತದೆ. ಅಲ್ಲೂ ಅದೇ ಅಂಕಿಗಳನ್ನು ತುಂಬಿ. ‘ಸ್ಟೀರಿಂಗ್ ಸರಿಯಿಲ್ಲ’ ಎಂಬ ದೂರುಗಳಲ್ಲಿ ಇದು ಪದೇಪದೇ ಬರುತ್ತದೆ.

ಫೋರ್ಸ್ ಫೀಡ್‌ಬ್ಯಾಕಿನ ಒಟ್ಟು ಬಲವನ್ನು ನೂರಕ್ಕೆ ಏರಿಸುವ ಆಸೆ ಬೇಡ. ಈ ದರ್ಜೆಯ ಮೋಟಾರಿಗೆ ಒಂದು ಮಿತಿಯಿದೆ. ಆಟ ಕೇಳುವ ಬಲ ಆ ಮಿತಿ ದಾಟಿದರೆ ಮೋಟಾರು ತನ್ನ ಗರಿಷ್ಠದಲ್ಲೇ ನಿಂತುಬಿಡುತ್ತದೆ, ಅದರ ಮೇಲಿನ ಏರಿಳಿತ ಯಾವುದೂ ಕೈಗೆ ಬರುವುದಿಲ್ಲ. ಗುರುತಿಸುವುದು ಹೀಗೆ: ದೊಡ್ಡ ತಿರುವಿನಲ್ಲಿ ಸ್ಟೀರಿಂಗ್ ಬರೀ ಭಾರವಾಗಿದ್ದು ರಸ್ತೆಯ ಒರಟು ಪೂರ್ತಿ ಮಾಯವಾಗಿದ್ದರೆ ಮಿತಿ ದಾಟಿದೆ. ಅರ್ಧದಿಂದ ಆರಂಭಿಸಿ, ಆ ಒರಟು ತಿರುವಿನಲ್ಲೂ ತಿಳಿಯುವಷ್ಟರ ಮಟ್ಟಿಗೆ ಮಾತ್ರ ಏರಿಸಿ. ಮುಂದೆ ಅಸೆಟ್ಟೋ ಕೋರ್ಸಾ ಆಡಿದರೆ ಅದರ ಪೆಡಲ್ ಪಟ್ಟಿಯಲ್ಲಿ ಈ ಬಲಕ್ಕೇ ಒಂದು ಗೆರೆ ಇದೆ, ಮಿತಿ ದಾಟಿದಾಗ ಅದು ಕೆಂಪಾಗುತ್ತದೆ. ಯೂರೋ ಟ್ರಕ್‌ನ ಫೋರ್ಸ್ ಫೀಡ್‌ಬ್ಯಾಕ್ ಅಷ್ಟು ಸೂಕ್ಷ್ಮವಲ್ಲ ಎಂಬುದನ್ನೂ ಹೇಳಬೇಕು. ಅದರಲ್ಲಿ ಮುಖ್ಯ ಲಾಭ ನಡುಬಿಂದುವಿನ ಹಿಡಿತ ಮತ್ತು ಗಾಡಿಯ ತೂಕದ ಅನುಭವ. ಟೈರು ಜಾರುವ ಕ್ಷಣವನ್ನು ಕೈಯಲ್ಲಿ ಓದುವ ಸುಖ ಅಸೆಟ್ಟೋದಂಥ ರೇಸಿನ ಆಟಗಳಲ್ಲಿದೆ. ಕಲ್ಲುರಸ್ತೆಯ ಮೇಲೆ ಗೇರುಗಳು ಕಟಕಟ ಎನ್ನುತ್ತವೆ, ರಾತ್ರಿ ಪಕ್ಕದ ಕೋಣೆಗೂ ಕೇಳಿಸುತ್ತದೆ. ಬಲ ತಗ್ಗಿಸಿದರೆ ಅದೂ ತಗ್ಗುತ್ತದೆ.

ಬ್ರೇಕಿಗೆ ಯೂರೋ ಟ್ರಕ್‌ನಲ್ಲಿ ಬ್ರೇಕ್ ಇಂಟೆನ್ಸಿಟಿ ಎಂಬ ಸ್ಲೈಡರ್ ಇದೆ. ಪೆಡಲ್ ಮುಟ್ಟಿದ ಕೂಡಲೇ ಗಾಡಿ ಮುಗ್ಗರಿಸಿದರೆ ಅದನ್ನು ಇಳಿಸಿ, ಕಾಲಿನ ದಾರಿ ಉದ್ದವಾಗುತ್ತದೆ. ಆ ರಬ್ಬರ್ ತುಂಡಿನಿಂದಾಗಿ ಕೊನೆಯವರೆಗೆ ಒತ್ತಲು ಬಹಳ ಬಲ ಬೇಕು, ಆದರೆ ಬಸ್ಸಿಗೆ ಅರ್ಧ ಬ್ರೇಕ್ ಸಾಕಾಗುವುದರಿಂದ ತೊಂದರೆಯಿಲ್ಲ. ರೇಸಿನ ಆಟದಲ್ಲಿ ಪೂರ್ತಿ ಬ್ರೇಕ್ ಸಿಗುತ್ತಿಲ್ಲ ಎನಿಸಿದರೆ ರಬ್ಬರನ್ನು ಕಿತ್ತುಹಾಕುವ ಮೊದಲು G HUBನಲ್ಲಿ ಬ್ರೇಕಿನ ಸೂಕ್ಷ್ಮತೆಯನ್ನು ಏರಿಸಿ ನೋಡಿ. ಗಟ್ಟಿ ಪೆಡಲೇ ಒಳ್ಳೆಯದು. ಪೆಡಲ್ ಎಷ್ಟು ದೂರ ಹೋಯಿತು ಎನ್ನುವುದಕ್ಕಿಂತ ಎಷ್ಟು ಬಲ ಕೊಟ್ಟೆ ಎನ್ನುವುದನ್ನು ಕಾಲು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ.

ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ, ಸ್ಟೀರಿಂಗಿನ ಮೋಟಾರು ಮಾತ್ರ ಸಾಯುತ್ತದೆ. ಗಾಡಿ ಹೋಗುತ್ತಿರುವಾಗಲೇ ಕೈಗೆ ಏನೂ ತಾಗದಂತಾದರೆ ಮೊದಲು ಫ್ಯಾನ್ ತಿರುಗುತ್ತಿದೆಯೇ ನೋಡಿ. ಕರೆಂಟು ಬಂದ ಕೂಡಲೇ ಸ್ಟೀರಿಂಗ್ ಮತ್ತೆ ಎರಡೂ ಕೊನೆಗೆ ತಿರುಗಿ ಅಳತೆ ತೆಗೆದುಕೊಳ್ಳಬಹುದು, ಆಗ ಬೆರಳುಗಳನ್ನು ಕಡ್ಡಿಗಳ ನಡುವೆ ಇಡಬೇಡಿ. ಮಕ್ಕಳಿರುವ ಮನೆಯಾದರೆ ಆಟ ಮುಗಿದ ಮೇಲೆ ಅಡಾಪ್ಟರನ್ನು ಗೋಡೆಯಿಂದಲೇ ಕೀಳಿ.

ಕಂಟ್ರೋಲರನ್ನೇ ತಂದರೆ

ಎಡಗಡ್ಡಿಯನ್ನು ಸ್ಟೀರಿಂಗಿಗೆ, ಬಲ ಟ್ರಿಗರನ್ನು ಆಕ್ಸಿಲರೇಟರಿಗೆ, ಎಡ ಟ್ರಿಗರನ್ನು ಬ್ರೇಕಿಗೆ ಕೊಡಿ. ಇಲ್ಲಿ ನಾನ್‌ಲೀನಿಯಾರಿಟಿ ಏರಿಸುವುದು ಸರಿ, ಅರ್ಧಕ್ಕಿಂತ ಸ್ವಲ್ಪ ಮೇಲಿಂದ ಶುರುಮಾಡಿ. ಡೆಡ್‌ಝೋನನ್ನು ಸೊನ್ನೆಯಿಂದ ಚೂರುಚೂರೇ ಹೆಚ್ಚಿಸುತ್ತಾ, ಕೈಬಿಟ್ಟಾಗ ಗಾಡಿ ನೆಟ್ಟಗೆ ಹೋಗುವ ಮೊದಲ ಹಂತದಲ್ಲೇ ನಿಲ್ಲಿಸಿ. ಎಕ್ಸ್‌ಬಾಕ್ಸ್ ಮಾದರಿಯ ಕಂಟ್ರೋಲರನ್ನು joy.cpl ಕಿಟಕಿಯಲ್ಲಿ ನೋಡಿದರೆ ಎರಡೂ ಟ್ರಿಗರ್‌ಗಳು ಒಂದೇ ಪಟ್ಟಿಯನ್ನು ಆ ಕಡೆ ಈ ಕಡೆ ಸರಿಸುತ್ತವೆ. ಅದು ದೋಷವಲ್ಲ, ಆ ಹಳೆಯ ಕಿಟಕಿ ತೋರಿಸುವ ರೀತಿ ಅದು. ನೀವು ನೋಡಬೇಕಾದದ್ದು ಪಟ್ಟಿ ನಿಧಾನವಾಗಿ ಸರಿಯುತ್ತದೆಯೇ ಅಥವಾ ಒಮ್ಮೆಗೇ ತುದಿಗೆ ಹಾರುತ್ತದೆಯೇ ಎಂಬುದನ್ನು. ಹಾರಿದರೆ ಒಳಗಿರುವುದು ಬರೀ ಸ್ವಿಚ್.

ವಿಮಾನದ ಮಾತು

ಕಾರಿನ ಸ್ಟೀರಿಂಗ್ ವಿಮಾನಕ್ಕೆ ಆಗುವುದಿಲ್ಲ. ಅದು ಒಂದೇ ಅಕ್ಷದ ಸುತ್ತ ತಿರುಗುತ್ತದೆ. ವಿಮಾನಕ್ಕೆ ರೆಕ್ಕೆ ಓಲಿಸಲು ಒಂದು, ಮೂತಿ ಎತ್ತಿಳಿಸಲು ಒಂದು, ಬಾಲದ ರಡ್ಡರ್ ತಿರುಗಿಸಲು ಒಂದು, ಎಂಜಿನ್ನಿಗೆ ಒಂದು ಎಂದು ಕನಿಷ್ಠ ನಾಲ್ಕು ಬೇಕು. ಕಂಟ್ರೋಲರಿನಲ್ಲಿ ಹಾರಾಟ ಕಲಿಯಬಹುದು, ಆದರೆ ಇಳಿಯುವಾಗ ಮೂತಿಯನ್ನು ಕೂದಲೆಳೆಯಷ್ಟು ಎತ್ತುವುದು ಆ ಪುಟ್ಟ ಕಡ್ಡಿಗೆ ಕಷ್ಟ. ಇದಕ್ಕೆಂದು ಮುಂದೆ ಬೇರೆ ಹಣ ಕೂಡಿಸಿ, ಈಗಿನ 15,000ವನ್ನು ಎರಡು ಪಾಲು ಮಾಡಬೇಡಿ.

ಆಗ ಹುಡುಕಬೇಕಾದದ್ದು ಹಿಡಿಯನ್ನೇ ಎಡಬಲಕ್ಕೆ ತಿರುಚಬಹುದಾದ ಜಾಯ್‌ಸ್ಟಿಕ್. ತಿರುಚುವುದರಿಂದ ರಡ್ಡರ್ ಸಿಗುತ್ತದೆ, ಕಾಲಿನ ಪೆಡಲ್‌ಗಳ ಖರ್ಚು ಉಳಿಯುತ್ತದೆ. ಬುಡದಲ್ಲಿರುವ ಸಣ್ಣ ಸನ್ನೆ ಥ್ರಾಟಲ್ ಆಗುತ್ತದೆ. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೋ ಮತ್ತು ಥ್ರಸ್ಟ್‌ಮಾಸ್ಟರ್ ಟಿ.16000ಎಂ ಎರಡರಲ್ಲೂ ಈ ನಾಲ್ಕೂ ಇವೆ. ಎರಡನೆಯದರ ಮುಖ್ಯ ಕಡ್ಡಿಯಲ್ಲಿ ಅಯಸ್ಕಾಂತದ ಹಾಲ್ ಸೆನ್ಸರ್ ಇದೆ, ನಟ್ಟನಡುವೆ ಬಲು ನಯವಾಗಿ ಚಲಿಸುತ್ತದೆ ಮತ್ತು ಎಡಗೈಯವರಿಗೂ ಹೊಂದಿಸಿಕೊಳ್ಳಲು ಬರುತ್ತದೆ. ಬೆಲೆಯ ಅಂತರವನ್ನು ಕೊಡಲು ಆಗುವುದಾದರೆ ಅದನ್ನೇ ಆರಿಸಿ.

ಎರಡರಲ್ಲೂ ಮೊದಲು ಸೋಲುವುದು ತಿರುಚುವ ಭಾಗ, ಅಲ್ಲಿರುವುದು ಉಜ್ಜಿ ಸವೆಯುವ ಪೊಟೆನ್ಶಿಯೋಮೀಟರು. ಹಳೆಯದನ್ನು ಕೊಳ್ಳುವಾಗ joy.cpl ತೆರೆದು ಹಿಡಿಯನ್ನು ಮುಟ್ಟದೆ ಹತ್ತು ಸೆಕೆಂಡ್ ನೋಡಿ. ತಿರುಚುವ ಪಟ್ಟಿ ತಾನಾಗಿ ನಡುಗುತ್ತಿದ್ದರೆ, ರನ್‌ವೇ ಮೇಲೆ ಓಡುವಾಗ ವಿಮಾನ ತಾನೇ ತಾನಾಗಿ ಪಕ್ಕದ ಹುಲ್ಲಿಗೆ ಎಳೆಯುತ್ತದೆ.